ಟೈಟ್ರೇಷನ್ ತಿದ್ದಿದ ಎರಿಕ್

ಬಹರೈನಿನ ಟುಬ್ಲಿಯ ಗ್ಯಾರೇಜುಗಳ ಸಾಲಿನಲ್ಲಿ, ಟೈರ್ ಅಂಗಡಿಗೂ ಅಲ್ಯೂಮಿನಿಯಂ ಕಿಟಕಿ ಮಾಡುವವರಿಗೂ ನಡುವೆ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಅದರ ಮಾಲೀಕ ಹಿಶಾಮ್ ಎಂಬ ಬಹರೈನಿ. ಎರಿಕ್ ಮಥಾಯಸ್ ಮದುವೆಯಾದ ವರ್ಷವೇ ಉಡುಪಿ ಕಡೆಯ ಶಿರ್ವದಿಂದ ಹೊರಟು ಬಂದು ಅಲ್ಲಿ ಕೆಲಸಕ್ಕೆ ಸೇರಿದವನು. ವೀಸಾದಲ್ಲಿ ಅವನ ಹುದ್ದೆ ಗ್ರಾಫಿಕ್ ಡಿಸೈನರ್ ಎಂದಿದೆ. ಅವನಿಗೆ ಗ್ರಾಫಿಕ್ಸ್ ಅಷ್ಟೇನೂ ಬರುವುದಿಲ್ಲ. ಬರುವುದು ತಪ್ಪು ಹುಡುಕಲಿಕ್ಕೆ.

ಊರಲ್ಲಿ ಬಿ.ಕಾಂ. ಮುಗಿಸಿ ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಮಾಡುತ್ತಿದ್ದಾಗ ಹಿಡಿದ ಅಭ್ಯಾಸ ಅದು. ಸಮುದ್ರ ದಾಟಿದ ಮೇಲೂ ಬಿಡಲಿಲ್ಲ. ಹೋಟೆಲಿಗೆ ಹೋದರೆ ಎರಿಕ್ ಮೆನು ಕಾರ್ಡನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾನೆ. ಊಟ ಆರಿಸಲಿಕ್ಕಲ್ಲ. ಬಿಲ್ ಕೊಡಲು ಬಂದ ಹುಡುಗನಿಗೆ, "ನೋಡಿ, ಇಲ್ಲಿ ಮಟನ್ ಎಂಬಲ್ಲಿ ಒಂದು ಟಿ ಕಮ್ಮಿ ಉಂಟು" ಎಂದು ತೋರಿಸಿ ಬರುತ್ತಾನೆ. ಮನಾಮಾದ ಇಗರ್ಜಿಯಲ್ಲಿ ಕೊಂಕಣಿ ಪೂಜೆಗೆ ಹಂಚುವ ಹಾಡಿನ ಹಾಳೆಯನ್ನು ಅವನು ಪೆನ್ನು ಹಿಡಿದೇ ಓದುವುದು. ಗಾಯನ ಮಂಡಳಿಯವರು ಅವನನ್ನು ಕರೆಕ್ಷನ್ ಎರಿಕ್ ಎನ್ನುತ್ತಾರೆ. ಅವನಿಗೆ ಅದು ಹೊಗಳಿಕೆ ಎಂದೇ ಕೇಳಿಸುತ್ತದೆ.

ಹೆಂಡತಿ ವಾಯೊಲೆಟ್ ಆಸ್ಪತ್ರೆಯಲ್ಲಿ ನರ್ಸ್. ಪ್ರೀತಿ ಮಾಡುತ್ತಿದ್ದ ಕಾಲದಲ್ಲಿ ಅವಳು ಬರೆದ ಪತ್ರವೊಂದನ್ನು ಅವನು ತಿದ್ದಿ ವಾಪಸು ಕಳಿಸಿದ್ದ. ಆದರೂ ಮದುವೆಯಾದಳು. ಯಾಕೆಂದು ಕೇಳಿದರೆ, "ಅಕ್ಷರದಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ತಪ್ಪು ಹುಡುಕುವ ಜನ ಅಲ್ಲ ಅವರು" ಎನ್ನುತ್ತಾಳೆ. ಅದು ನಿಜ. ಹೂರಾದ ಅವರ ಫ್ಲಾಟಿನಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದನ್ನು ಎರಿಕ್ ಇವತ್ತಿನವರೆಗೆ ಎತ್ತಿ ಆಡಿಲ್ಲ.

ಒಂದು ಬೇಸಿಗೆಯಲ್ಲಿ ಈ ಪ್ರೆಸ್ಸಿಗೆ ಒಂದು ಭಾರತೀಯ ಶಾಲೆಯ ಕೆಲಸ ಬಂತು. ಹನ್ನೆರಡನೆಯ ತರಗತಿಯ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮ್ಯಾನ್ಯುಯಲ್. ಶಾಲೆಯ ಹಳೆಯ ಅಧ್ಯಾಪಕರೊಬ್ಬರು ಯಾವುದೋ ಕಾಲದಲ್ಲಿ ಟೈಪ್ ಮಾಡಿಸಿದ್ದು. ಅವರು ನಿವೃತ್ತರಾಗಿ ಹೋದರು, ಅವರ ಕಂಪ್ಯೂಟರ್ ಗುಜರಿಗೆ ಹೋಯಿತು, ಉಳಿದದ್ದು ಜೆರಾಕ್ಸ್ ಪ್ರತಿ ಮಾತ್ರ. ವರ್ಷ ವರ್ಷವೂ ಜೆರಾಕ್ಸಿನ ಜೆರಾಕ್ಸ್ ತೆಗೆದು ತೆಗೆದು ಅಕ್ಷರಗಳ ಕಾಲು, ಬಾಲ, ಹೊಟ್ಟೆ ಎಲ್ಲ ಅಳಿಸಿಹೋಗಿದ್ದವು. ಈ ಸಲ ಹೊಸದಾಗಿ, ಅಂದವಾಗಿ ಅಚ್ಚು ಮಾಡಿಸಿ ಎಂದು ಪ್ರಿನ್ಸಿಪಾಲ್ ಹೇಳಿದ್ದರಿಂದ, ಕೆಮಿಸ್ಟ್ರಿ ಅಧ್ಯಾಪಕಿ ಭವ್ಯಶ್ರೀ ಆ ಕಟ್ಟನ್ನು ತಂದು ಎರಿಕನ ಮೇಜಿನ ಮೇಲಿಟ್ಟಳು. ಕಾಪು ಕಡೆಯವಳು. ಇಬ್ಬರಿಗೂ ಊರು ಹತ್ತಿರವೆಂದು ಗೊತ್ತಾಗಿ ಹತ್ತು ನಿಮಿಷ ಬೇರೆ ಮಾತಾಯಿತು.

"ರಜೆಯಲ್ಲಿ ಊರಿಗೆ ಹೋಗ್ತಿದ್ದೇನೆ, ತಂಗಿಯ ಮದುವೆ ಉಂಟು" ಎಂದಳು ಭವ್ಯಶ್ರೀ. "ಬರುವಾಗ ರೆಡಿ ಆಗ್ಬಹುದಾ?"

"ರೆಡಿ ಆಗುವುದು ದೊಡ್ಡದಲ್ಲ ಟೀಚರ್. ತಪ್ಪಿಲ್ಲದೆ ಆಗ್ಬೇಕಲ್ಲ. ಅದು ನನಗೆ ಬಿಡಿ" ಎಂದ ಎರಿಕ್.

ಅವನು ಹಾಳೆಗಳನ್ನು ಸ್ಕ್ಯಾನ್ ಮಾಡಿ, ಚಿತ್ರ ನೋಡಿ ಅಕ್ಷರ ಗುರುತಿಸುವ ಸಾಫ್ಟ್‌ವೇರಿಗೆ ಹಾಕಿದ. ಅದು ಗುರುತಿಸಿದ್ದು ಅರೆಬರೆ. ಬಾಕಿಯದನ್ನು ಅವನು ಮೂಲದ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಸರಿಮಾಡುತ್ತ ಹೋದ. ಮೊದಲ ಭಾಗ ಸಾಲ್ಟ್ ಅನಾಲಿಸಿಸ್. ಅಲ್ಲಿ ಫಿಲ್ಟ್ರೇಷನ್ ಎಂಬ ಪದ ಸ್ಪಷ್ಟವಾಗಿತ್ತು. ಸೋಸುವುದು. ಎರಿಕನಿಗೆ ಅರ್ಥವಾಯಿತು. ಮುಂದಿನ ಭಾಗಕ್ಕೆ ಬಂದಾಗ ಅದೇ ತರಹದ ಪದ ಮತ್ತೆ ಮತ್ತೆ ಕಾಣಿಸಿಕೊಂಡಿತು. ಆದರೆ ಸಾಫ್ಟ್‌ವೇರ್ ಅದನ್ನು ಒಂದು ಕಡೆ ಲಿಟ್ರೇಷನ್ ಎಂದು, ಇನ್ನೊಂದು ಕಡೆ ಟಿಟ್ರಾಲಿಯನ್ ಎಂದು, ಮತ್ತೊಂದು ಕಡೆ ಟೈಟ್ರೇಷನ್ ಎಂದು ಓದಿತ್ತು. ಎರಿಕ್ ಮೂಲವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಮೊದಲಕ್ಷರ ಟಿ ಇದ್ದಂತಿತ್ತು. ಆದರೆ ಹಾಳೆಯಲ್ಲಿ ಎಷ್ಟೋ ಎಫ್‌ಗಳು ತಲೆ ಕಳೆದುಕೊಂಡು ಟಿಗಳಂತೆ ನಿಂತಿದ್ದವು. ಎಷ್ಟೋ ಎಲ್‌ಗಳು ಕಾಣೆಯಾಗಿದ್ದವು. ಅವನು ಇಷ್ಟು ವರ್ಷದಲ್ಲಿ ಇಗರ್ಜಿಯ ಹಾಳೆ, ಬ್ಯಾಂಕಿನ ವರದಿ, ಹೋಟೆಲಿನ ಮೆನು, ಕಾರ್ಗೋದವರ ಬಿಲ್ಲು ಎಲ್ಲ ಓದಿದ್ದ. ಟೈಟ್ರೇಷನ್ ಎಂಬ ಪದವನ್ನು ಎಲ್ಲಿಯೂ ಕಂಡಿರಲಿಲ್ಲ. ತಾನು ಕಾಣದ ಪದ ಇಂಗ್ಲಿಷಿನಲ್ಲಿ ಇರಬಹುದು ಎಂಬ ಯೋಚನೆ ಬಂತು. ಬಂದದ್ದು ಹೋಯಿತು. ಕಂಪ್ಯೂಟರಿಗೆ ಹೇಳಿ, ಎಲ್ಲ ಕಡೆಯೂ ಒಂದೇ ಸಲಕ್ಕೆ ಫಿಲ್ಟ್ರೇಷನ್ ಮಾಡಿಸಿದ.

ಒಂದು ತಪ್ಪು ತಿದ್ದಿದರೆ ಅದರ ಹಿಂದಿರುವವನ್ನೂ ತಿದ್ದಬೇಕಾಗುತ್ತದೆ. ಟೈಟರ್ ವ್ಯಾಲ್ಯೂ ಎಂದಿತ್ತು. ಆಮ್ಲವೋ ಕ್ಷಾರವೋ ಎಷ್ಟು ಮಿಲಿಲೀಟರ್ ಖರ್ಚಾಯಿತು ಎಂಬ ಅಳತೆಯ ಹೆಸರು ಅದು. ಅಳತೆ ಎಂಬುದು ಎರಿಕನಿಗೂ ಹೊಳೆಯಿತು. ಹಾಗಾಗಿ ಟಿ ತೆಗೆದು ಎಲ್ ಹಾಕಿ ಲೀಟರ್ ವ್ಯಾಲ್ಯೂ ಮಾಡಿದ. ಟೈಟ್ರೇಟ್ ಎಂದಿದ್ದಲ್ಲೆಲ್ಲ ಫಿಲ್ಟರ್ ಎಂದಾಯಿತು. ಒಂದು ಕಡೆ ಮಾತ್ರ ಕೈ ತಡೆಯಿತು. ಪ್ರಯೋಗದ ಉದ್ದೇಶ ಹೇಳುವ ವಾಕ್ಯ ಈಗ ಹೀಗೆ ನಿಂತಿತ್ತು: ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ಆಕ್ಸಾಲಿಕ್ ಆಮ್ಲದ ವಿರುದ್ಧ ಸೋಸಿ ಅದರ ಸಾಂದ್ರತೆ ಕಂಡುಹಿಡಿಯುವುದು. ವಿರುದ್ಧ ಸೋಸುವುದು ಹೇಗೆ? ಎರಿಕ್ ಆ ಸಾಲನ್ನು ಇನ್ನೊಮ್ಮೆ ಓದಿದ. ವಿಜ್ಞಾನದವರ ಭಾಷೆಯೇ ಹಾಗಿರಬೇಕು ಎಂದುಕೊಂಡು, ಇನ್ನೊಬ್ಬರ ವಿಷಯಕ್ಕೆ ಕೈ ಹಾಕಬಾರದೆಂದು, ಅದನ್ನು ಹಾಗೆಯೇ ಬಿಟ್ಟ.

ಪ್ರೂಫನ್ನು ಭವ್ಯಶ್ರೀಯ ವಾಟ್ಸಾಪಿಗೆ ಕಳಿಸಿದ. ಅತ್ತ ಕಾಪುವಿನ ಮನೆಯಲ್ಲಿ ಮೆಹಂದಿ ನಡೆಯುತ್ತಿತ್ತು. ಎರಡೂ ಕೈಗೆ ಮೆಹಂದಿ ಹಚ್ಚಿಸಿಕೊಂಡು ಕೂತಿದ್ದ ಭವ್ಯಶ್ರೀ ಮೂಗಿನ ತುದಿಯಿಂದಲೋ ಬೆರಳ ಗಂಟಿನಿಂದಲೋ ಒತ್ತಿ, ಓಕೆ, ಪ್ರಿಂಟ್ ಮಾಡಿ ಎಂದು ಉತ್ತರ ಕಳಿಸಿದಳು. ಫೈಲು ತೆರೆಯಲಿಲ್ಲ.

ಪುಸ್ತಕ ಅಂದವಾಗಿಯೇ ಬಂತು. ಮುಖಪುಟದಲ್ಲಿ ನೀಲಿ ಬಣ್ಣದ ಫ್ಲಾಸ್ಕಿನ ಚಿತ್ರ. ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ಮಕ್ಕಳಿಗೆ ಹಂಚಿದರು. ಪ್ರಿನ್ಸಿಪಾಲ್ ಮಾರ್ಥಾ ಮೇಡಂ ಒಂದು ಪ್ರತಿಯನ್ನು ಮೂಸಿ ನೋಡಿ, ಹೊಸ ಪುಸ್ತಕದ ವಾಸನೆ ಎಷ್ಟು ಚೆಂದ ಎಂದರು. ಅವರೂ ಒಳಗೆ ನೋಡಲಿಲ್ಲ.

ಆಮೇಲೆ ಕೆಲವು ವಾರ ಏನೂ ಆಗಲಿಲ್ಲ. ಇದನ್ನು ನಂಬುವುದು ಕಷ್ಟ. ಆದರೆ ಶಾಲೆಯ ಲ್ಯಾಬಿನಲ್ಲಿ ಒಂದು ದಿನ ನಿಂತರೆ ಅರ್ಥವಾಗುತ್ತದೆ. ಭವ್ಯಶ್ರೀಗೆ ಪ್ರಯೋಗಗಳೆಲ್ಲ ಬಾಯಿಪಾಠ, ಮ್ಯಾನ್ಯುಯಲ್ ತೆರೆಯುವ ಅಗತ್ಯವೇ ಅವಳಿಗಿಲ್ಲ. ಮಕ್ಕಳು ಅವಳು ಮಾಡಿದ್ದನ್ನು ನೋಡಿ ಮಾಡುತ್ತಾರೆ. ಮನೆಗೆ ಹೋಗಿ ಮ್ಯಾನ್ಯುಯಲಿನಲ್ಲಿ ಇದ್ದದ್ದನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಾರೆ. ಕೈ ಬರೆಯುತ್ತದೆ, ಕಣ್ಣು ಟೀವಿಯ ಕಡೆಗಿರುತ್ತದೆ. ಭವ್ಯಶ್ರೀ ಆ ರೆಕಾರ್ಡುಗಳಿಗೆ ಸಹಿ ಹಾಕುತ್ತಾಳೆ. ಹೀಗೆ ಇಡೀ ತರಗತಿ ಟೈಟ್ರೇಷನ್ ಮಾಡಿ ಫಿಲ್ಟ್ರೇಷನ್ ಎಂದು ಬರೆಯಿತು. ಅಷ್ಟನ್ನೂ ಅಧ್ಯಾಪಕಿ ಸರಿ ಎಂದು ಟಿಕ್ ಮಾಡಿದಳು.

ಹೊಸದಾಗಿ ಸೇರಿದ ಅಶ್ಮಿತಾ ಎಂಬ ಹುಡುಗಿ ಇಲ್ಲದಿದ್ದರೆ ವಿಷಯ ಹಾಗೆಯೇ ಪರೀಕ್ಷೆಯವರೆಗೆ ಹೋಗುತ್ತಿತ್ತು. ಅಪ್ಪನಿಗೆ ವರ್ಗವಾಗಿ ದುಬೈಯಿಂದ ಬಂದವಳು, ಮೊದಲ ಪ್ರಯೋಗಗಳು ತಪ್ಪಿಹೋಗಿದ್ದವು. ತಪ್ಪಿಹೋದದ್ದನ್ನು ಸರಿದೂಗಿಸಲು ಅವಳು ಯಾರೂ ಮಾಡದ ಕೆಲಸ ಮಾಡಿದಳು. ಮ್ಯಾನ್ಯುಯಲ್ ಓದಿಕೊಂಡು ಬಂದಳು.

ಅಂದು ಪರ್ಮಾಂಗನೇಟಿನ ಪ್ರಯೋಗ. ಉಳಿದ ಮಕ್ಕಳು ಬ್ಯುರೆಟ್ಟಿಗೆ, ಅಂದರೆ ಕೆಳಗೆ ನಲ್ಲಿಯಿರುವ ಆ ಉದ್ದದ ಗಾಜಿನ ಕೊಳವೆಗೆ, ನೇರಳೆ ದ್ರಾವಣ ತುಂಬಿಸಿಕೊಳ್ಳುತ್ತಿದ್ದರು. ಅಶ್ಮಿತಾ ಬಂದು, "ಮೇಡಂ, ಫಿಲ್ಟರ್ ಪೇಪರ್ ಬೇಕಿತ್ತು" ಎಂದಳು. ಭವ್ಯಶ್ರೀ ಆಗ ಇನ್ನೊಬ್ಬನ ಬರ್ನರ್ ಹೊತ್ತಿಸುತ್ತಿದ್ದಳು. ಸಾಲ್ಟ್ ಅನಾಲಿಸಿಸ್ ಬಾಕಿ ಇಟ್ಟುಕೊಂಡಿರಬೇಕು ಎಂದುಕೊಂಡು, "ಡ್ರಾಯರಿನಲ್ಲಿದೆ ತಗೋ" ಎಂದಳು.

ಅಶ್ಮಿತಾ ಆಲಿಕೆಯಲ್ಲಿ ಫಿಲ್ಟರ್ ಪೇಪರ್ ಮಡಚಿಟ್ಟು ಪರ್ಮಾಂಗನೇಟನ್ನು ಸೋಸಿದಳು. ಚೆನ್ನಾಗಿ ಬರಲಿ ಎಂದು ಎರಡನೆಯ ಸಲವೂ ಸೋಸಿದಳು. ಪರ್ಮಾಂಗನೇಟ್ ಕಾಗದದ ಜೊತೆ ಸುಮ್ಮನೆ ಇರುವ ಪದಾರ್ಥವಲ್ಲ. ಅದು ಕಾಗದವನ್ನು ಕೆಡಿಸುತ್ತದೆ, ತಾನೂ ಕೆಡುತ್ತದೆ. ಕಾಗದದ ಮೇಲೆ ಕಂದು ಕಲೆ ನಿಂತು, ದ್ರಾವಣದ ಶಕ್ತಿ ಅಷ್ಟಷ್ಟು ಕಡಿಮೆಯಾಗುತ್ತದೆ. ಅವಳ ಕಾಗದ ಚಹಾದಲ್ಲಿ ಅದ್ದಿ ತೆಗೆದಂತಾಯಿತು. ಆಮೇಲೆ ಪಕ್ಕದವರನ್ನು ನೋಡಿ ಉಳಿದದ್ದನ್ನು ಮಾಡಿದಳು. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಳತೆ ಬಂತು. ಅವಳಿಗೆ ಮಾತ್ರ ಜಾಸ್ತಿ ಬಂತು. ಮತ್ತೆ ಮಾಡಿದಳು, ಮತ್ತೆ ಜಾಸ್ತಿ. ಅವಳ ಪರ್ಮಾಂಗನೇಟಿನ ಬಲ ಕುಗ್ಗಿದ್ದರಿಂದ ಅದೇ ಆಮ್ಲಕ್ಕೆ ಹೆಚ್ಚು ಬೇಕಾಗುತ್ತಿತ್ತು.

"ನಲ್ಲಿ ಸೋರ್ತಿದೆಯಾ?" ಎಂದು ಭವ್ಯಶ್ರೀ ಬಂದು ನೋಡಿದಳು. ಸೋರುತ್ತಿರಲಿಲ್ಲ. ಮೇಜಿನ ಮೇಲಿದ್ದ ಕಂದು ಕಾಗದ ಕಣ್ಣಿಗೆ ಬಿತ್ತು. "ಇದೇನು?"

"ಪರ್ಮಾಂಗನೇಟ್ ಸೋಸಿದ್ದು ಮೇಡಂ."

"ಅದನ್ನು ಯಾರು ಸೋಸ್ತಾರೆ?"

ಅಶ್ಮಿತಾ ಮ್ಯಾನ್ಯುಯಲ್ ತೆರೆದು ತೋರಿಸಿದಳು. ಅವಳ ಧ್ವನಿಯಲ್ಲಿ ದೂರೇನೂ ಇರಲಿಲ್ಲ. "ಆಕ್ಸಾಲಿಕ್ ಆಮ್ಲದ ವಿರುದ್ಧ ಅಂತ ಇದೆ ಮೇಡಂ. ಆ ವಿರುದ್ಧ ಮಾತ್ರ ನನಗೆ ಹೇಗೆ ಮಾಡೋದು ಗೊತ್ತಾಗ್ಲಿಲ್ಲ."

ಭವ್ಯಶ್ರೀ ಆ ಪುಟ ಓದಿದಳು. ಮುಂದಿನ ಪುಟ ಓದಿದಳು. ಲೀಟರ್ ವ್ಯಾಲ್ಯೂ ಎಂಬಲ್ಲಿಗೆ ಬಂದಾಗ ಸ್ಟೂಲಿನ ಮೇಲೆ ಕೂತಳು. ಐವತ್ತು ಮಿಲಿಲೀಟರ್ ಹಿಡಿಯುವ ಬ್ಯುರೆಟ್ಟಿನಲ್ಲಿ ಮಕ್ಕಳು ಲೀಟರುಗಟ್ಟಲೆ ಅಳೆದದ್ದಕ್ಕೆ ಅವಳದೇ ಸಹಿ ಇತ್ತು.

ಮಧ್ಯಾಹ್ನ ಪ್ರೆಸ್ಸಿಗೆ ಫೋನ್ ಹೋಯಿತು.

"ಎರಿಕರೇ, ನೀವು ಪುಸ್ತಕದಲ್ಲಿ ಟೈಟ್ರೇಷನ್ ಎಂಬುದನ್ನು ಎಂಥ ಮಾಡಿದ್ದೀರಿ?"

"ಅದಾ ಟೀಚರ್? ನಿಮ್ಮ ಹಳೆಯ ಕಾಪಿಯಲ್ಲಿ ಎಲ್ಲ ಕಡೆ ತಪ್ಪಿತ್ತು. ಒಂದು ಕಡೆಯೂ ಬಿಡದೆ ಸರಿ ಮಾಡಿದ್ದೇನೆ" ಎಂದ ಎರಿಕ್. ಹೊಗಳಲು ಫೋನ್ ಮಾಡಿದ್ದಾಳೆ ಎಂದೇ ಅವನು ತಿಳಿದಿದ್ದ.

"ಮಾರಾಯ್ರೆ, ಅದು ತಪ್ಪಲ್ಲ. ಅದು ಪದ."

ಎರಿಕ್ ಫೋನ್ ಹಿಡಿದೇ ಕಂಪ್ಯೂಟರಿನಲ್ಲಿ ಆ ಪದ ಹುಡುಕಿದ. ಲಕ್ಷಗಟ್ಟಲೆ ಕಡೆ ಇತ್ತು. ಚಿತ್ರಗಳೂ ಇದ್ದವು. ಒಂದೊಂದನ್ನೇ ತೆರೆದು ನೋಡಿದ. ಆಚೆಯಿಂದ ಭವ್ಯಶ್ರೀ ಹಲೋ ಹಲೋ ಎನ್ನುತ್ತಿದ್ದಳು. ಪಕ್ಕದ ಅಂಗಡಿಯವನು ಟೈರಿಗೆ ಗಾಳಿ ಹೊಡೆಯುತ್ತಿದ್ದ.

ಆ ಸಂಜೆ ಅವನು ಊಟಕ್ಕೆ ಕೂತು ಏನೂ ತಿನ್ನದೆ ಎದ್ದ. ವಾಯೊಲೆಟ್ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

"ಟೈಟ್ರೇಷನ್ ಅಂದರೆ ನಿನಗೆ ಗೊತ್ತುಂಟಾ?" ಎಂದು ಕೇಳಿದ.

"ನರ್ಸಿಂಗಿಗೆ ಮೊದಲು ಪಿಯುಸಿಯಲ್ಲಿ ಮಾಡಿದ್ದೆ. ಈಗಲೂ ಡಾಕ್ಟರು ಐಸಿಯುನಲ್ಲಿ ಹೇಳ್ತಾರಲ್ಲ, ಬಿಪಿ ನೋಡಿಕೊಂಡು ಮದ್ದು ಟೈಟ್ರೇಟ್ ಮಾಡಿ ಅಂತ. ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಎಲ್ಲಿ ಸಾಕಾಗ್ತದೆ ನೋಡುವುದು. ಯಾಕೆ?"

"ಇಷ್ಟು ವರ್ಷ ನೀನು ಒಂದು ಸಲವೂ ಆ ಪದ ನನ್ನೆದುರು ಹೇಳಲಿಲ್ಲ."

"ಊಟದ ಹೊತ್ತಿಗೆ ಹೇಳುವ ಪದವಾ ಅದು?" ಎಂದಳು ವಾಯೊಲೆಟ್. ಆಮೇಲೆ ವಿಷಯ ಪೂರ್ತಿ ಕೇಳಿ, ಬಾಯಿಗೆ ಸೆರಗು ಒತ್ತಿಕೊಳ್ಳಲು ಸೆರಗಿಲ್ಲದೆ, ಅಡುಗೆಮನೆಗೆ ಹೋಗಿ ನಕ್ಕು ಬಂದಳು. ಬಂದು ಅವನ ಪಕ್ಕ ಕೂತಳು. "ಯಾರೂ ಸಾಯಲಿಲ್ಲ ತಾನೆ? ಹೋಗಿ ಸರಿ ಮಾಡಿಕೊಡಿ."

ಮರುದಿನ ಹಿಶಾಮನಿಗೆ ಹೇಳಿದ. ಹಿಶಾಮ್ ಹಿಂದಿ, ಇಂಗ್ಲಿಷ್, ಅರಬಿ ಮೂರನ್ನೂ ಒಂದೇ ವಾಕ್ಯದಲ್ಲಿ ಮುಗಿಸುವ ಮನುಷ್ಯ. ಪೂರ್ತಿ ಕೇಳಿಕೊಂಡು, "ಅಂದರೆ ನೀನು ತಪ್ಪು ಮಾಡಿದೆಯಾ? ನೀನು?" ಎಂದ. ಮತ್ತೊಮ್ಮೆ ಹೇಳಿಸಿ ಕೇಳಿದ. ನಂತರ, "ಮಾಫಿ ಮುಶ್ಕಿಲ್, ತೊಂದರೆ ಇಲ್ಲ. ಶಾಲೆಯವರು ಹೇಳಿದ ಹಾಗೆ ಮಾಡೋಣ" ಎಂದು ಕಾರು ಹತ್ತಿದ. ಅವನಿಗೆ ಒಳಗೊಳಗೆ ಖುಷಿಯಾದಂತಿತ್ತು. ಅವನ ಮಗಳ ಮದುವೆಯ ಆಮಂತ್ರಣದಲ್ಲಿ ಎರಿಕ್ ಇಂಗ್ಲಿಷ್ ಭಾಗಕ್ಕೆ ಆರು ಕಡೆ ಕೆಂಪು ಗೆರೆ ಎಳೆದದ್ದು ಅವನಿಗೆ ಮರೆತಿರಲಿಲ್ಲ.

ಶಾಲೆಯಲ್ಲಿ ಮಾರ್ಥಾ ಮೇಡಂ ಎರಿಕ್, ಹಿಶಾಮ್, ಭವ್ಯಶ್ರೀ ಮೂವರನ್ನೂ ಕೂರಿಸಿಕೊಂಡರು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು.

"ಅಚ್ಚಿಗೆ ಹೋಗುವ ಮೊದಲು ಪ್ರೂಫ್ ಯಾರು ನೋಡಿದ್ದು?" ಎಂದು ಕೇಳಿದರು.

ಎರಿಕನ ಜೇಬಿನಲ್ಲಿ ಫೋನಿತ್ತು. ಫೋನಿನಲ್ಲಿ ಓಕೆ, ಪ್ರಿಂಟ್ ಮಾಡಿ ಎಂಬ ಉತ್ತರವಿತ್ತು. ಅದು ಭವ್ಯಶ್ರೀಗೂ ಗೊತ್ತಿತ್ತು. ಬೇರೆಯವರ ಒಂದು ಅಲ್ಪವಿರಾಮ ತಪ್ಪಿದರೂ ಬಿಡದ ಮನುಷ್ಯ ಈಗ ಕೈಯನ್ನು ಜೇಬಿಗೆ ಹಾಕಲಿಲ್ಲ. "ಪ್ರೂಫ್ ನಾನೇ ನೋಡುವುದು ಮೇಡಂ. ನನ್ನದೇ ತಪ್ಪು" ಎಂದ.

ಭವ್ಯಶ್ರೀ ಅವನನ್ನು ಒಮ್ಮೆ ನೋಡಿದಳು. "ನನಗೆ ಕಳಿಸಿದ್ರು ಮೇಡಂ" ಎಂದಳು. "ನಾನು ತೆರೆಯದೆ ಓಕೆ ಅಂದೆ. ರೆಕಾರ್ಡುಗಳಿಗೂ ಓದದೆ ಸಹಿ ಹಾಕಿದ್ದೇನೆ."

ಮಾರ್ಥಾ ಮೇಡಂ ಇಬ್ಬರನ್ನೂ ನೋಡಿದರು. ಬೈಯಲು ಸಿದ್ಧವಾಗಿ ಬಂದಿದ್ದವರಿಗೆ ಒಂದೇ ತಪ್ಪಿಗೆ ಇಬ್ಬರು ಕೈ ಎತ್ತುವುದು ಅಭ್ಯಾಸವಿರಲಿಲ್ಲ. "ಇಷ್ಟಕ್ಕೂ ಇದನ್ನು ಕಂಡುಹಿಡಿದದ್ದು ಯಾರು?" ಎಂದು ಕೇಳಿದರು. ಪುಸ್ತಕ ಓದಿದ ಒಬ್ಬ ವಿದ್ಯಾರ್ಥಿನಿ ಎಂದು ಗೊತ್ತಾದ ಮೇಲೆ ತಾವೂ ಮೂಸಿ ನೋಡಿದ್ದಷ್ಟೇ ಎಂಬುದು ನೆನಪಾಗಿರಬೇಕು, ಸ್ವರ ಇಳಿಯಿತು. ಎಲ್ಲವನ್ನೂ ಮತ್ತೆ ಅಚ್ಚು ಮಾಡಿಸುವುದು ಬೇಡ, ತಪ್ಪಿದ ಪದಗಳ ಮೇಲೆ ಸ್ಟಿಕ್ಕರ್ ಅಂಟಿಸಿ ಕೊಡಿ, ಆದರೆ ಈ ಸಲ ಇಬ್ಬರೂ ಒಟ್ಟಿಗೆ ಕೂತು ನೋಡಬೇಕು ಎಂದು ತೀರ್ಮಾನವಾಯಿತು.

ಎರಿಕ್ ಸ್ಟಿಕ್ಕರ್ ಕಾಗದದ ಮೇಲೆ ಟೈಟ್ರೇಷನ್, ಟೈಟ್ರೇಟ್, ಟೈಟರ್ ಎಂಬ ಪದಗಳನ್ನು ಅದೇ ಅಕ್ಷರದಲ್ಲಿ, ಅದೇ ಗಾತ್ರದಲ್ಲಿ ಅಚ್ಚು ಮಾಡಿ, ಕಟಿಂಗ್ ಮೆಷಿನಿನಲ್ಲಿ ಸಣ್ಣದಾಗಿ ಕತ್ತರಿಸಿದ. ಆದರೆ ಅಂಟಿಸುವುದು ಎಲ್ಲೆಲ್ಲಿ? ಪುಸ್ತಕದಲ್ಲಿ ಈಗ ಫಿಲ್ಟ್ರೇಷನ್ ಎಂದಿರುವುದರಲ್ಲಿ ಕೆಲವು ನಿಜವಾಗಿಯೂ ಫಿಲ್ಟ್ರೇಷನ್. ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಿದರೆ ಈಗ ಸೋಸಬೇಕಾದಲ್ಲಿ ಮಕ್ಕಳು ಸೋಸುವುದಿಲ್ಲ. ಹಳೆಯ ಜೆರಾಕ್ಸ್ ನೋಡಿದರೆ ಹಲವು ಕಡೆ ಆ ಜಾಗದಲ್ಲಿ ಮಸಿಯ ಮುದ್ದೆ ಮಾತ್ರ ಇತ್ತು. ಅಕ್ಷರ ನೋಡಿ ಪದ ಹೇಳುವುದು ಆಗದ ಮಾತು. ಅರ್ಥ ನೋಡಿ ಹೇಳಬೇಕಿತ್ತು. ಅದು ಎರಿಕ್ ಇದುವರೆಗೆ ಮಾಡದ ಕೆಲಸ.

ಶನಿವಾರ ಶಾಲೆಗೆ ರಜೆ. ಭವ್ಯಶ್ರೀ ಲ್ಯಾಬ್ ತೆರೆದಳು. ಪುಸ್ತಕಗಳ ಕಟ್ಟು, ಸ್ಟಿಕ್ಕರ್, ಚಿಮಟ ಹಿಡಿದು ಎರಿಕ್ ಬಂದ.

"ಮೊದಲು ಆ ವಸ್ತುವನ್ನು ಒಮ್ಮೆ ತೋರಿಸಿಬಿಡಿ ಟೀಚರ್. ನೋಡದೆ ಇನ್ನೊಮ್ಮೆ ತಿದ್ದುವುದಿಲ್ಲ" ಎಂದ.

ಅವಳು ಬ್ಯುರೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪರ್ಮಾಂಗನೇಟ್ ತುಂಬಿಸಿದಳು. ಗಾಢ ಬಣ್ಣವಾದ್ದರಿಂದ ದ್ರವದ ಮೇಲಂಚನ್ನೇ ಓದಬೇಕು ಎಂದು ತೋರಿಸಿದಳು. ಪಿಪೆಟ್ಟಿನಿಂದ ಆಕ್ಸಾಲಿಕ್ ಆಮ್ಲ ಅಳೆದು ಶಂಕುವಿನಂಥ ಫ್ಲಾಸ್ಕಿಗೆ ಹಾಕಿ, ಅದಕ್ಕೆ ನೀರು ಬೆರೆಸಿದ ಗಂಧಕಾಮ್ಲ ಸೇರಿಸಿ, ಕೈಗೆ ಚುರುಕ್ಕೆನ್ನುವಷ್ಟು ಬಿಸಿ ಮಾಡಿದಳು.

"ಈ ಆಮ್ಲದ ಬಲ ನಮಗೆ ಗೊತ್ತುಂಟು. ಈ ನೇರಳೆಯದರ ಬಲ ಗೊತ್ತಿಲ್ಲ. ಗೊತ್ತಿರುವುದನ್ನು ಮುಗಿಸಲಿಕ್ಕೆ ಗೊತ್ತಿಲ್ಲದ್ದು ಎಷ್ಟು ಬೇಕಾಯ್ತು ಅಂತ ಅಳೆದರೆ ಅದರ ಬಲ ಲೆಕ್ಕ ಹಾಕಬಹುದು. ಅಷ್ಟೇ ಟೈಟ್ರೇಷನ್."

"ಆಗ ವಿರುದ್ಧ ಅಂದರೆ ಇದಾ?"

"ಇದೇ. ಒಂದರ ಎದುರು ಇನ್ನೊಂದು."

ಎರಿಕ್ ತಲೆದೂಗಿದ. ತಾನು ಬಿಟ್ಟಿದ್ದ ಆ ಒಂದು ಪದವಾದರೂ ಸರಿಯಿತ್ತಲ್ಲ ಎಂಬ ಸಮಾಧಾನ ಮುಖದಲ್ಲಿ ಕಂಡಿತು.

ಅವಳು ನಲ್ಲಿ ತಿರುಗಿಸಿದಳು. ಮೊದಲ ಹನಿಗಳು ಫ್ಲಾಸ್ಕಿಗೆ ಬಿದ್ದು ಗುಲಾಬಿಯಾದವು, ಬಣ್ಣ ಮಾಯವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲಿನವು ಬಿದ್ದ ಕೂಡಲೇ ಮಾಯವಾದವು. ಅವಳು ಫ್ಲಾಸ್ಕನ್ನು ಆಡಿಸುತ್ತಲೇ ಇದ್ದಳು. ಕೊನೆಗೆ ಒಂದು ಹನಿ ಬಿತ್ತು, ತಿಳಿ ಗುಲಾಬಿ ಬಂತು, ಆಡಿಸಿದರೂ ಹೋಗಲಿಲ್ಲ. "ಇದು ಎಂಡ್ ಪಾಯಿಂಟ್. ಇಲ್ಲಿ ನಿಲ್ಲಿಸಬೇಕು" ಎಂದಳು.

"ನಾನೊಮ್ಮೆ ಮಾಡ್ಲಾ?"

ಎರಿಕ್ ಕನ್ನಡಕ ಸರಿಮಾಡಿಕೊಂಡು ನಿಂತ. ಚೆನ್ನಾಗಿಯೇ ಹೋಯಿತು. ಕೊನೆಗೆ ಬಣ್ಣ ಬಂದು ಹೋಗುವ ಹಂತದಲ್ಲಿ ಇನ್ನೂ ಬರಲಿಲ್ಲವಲ್ಲ ಎಂದು ನಲ್ಲಿಯನ್ನು ತುಸು ಜೋರು ತಿರುಗಿಸಿದ. ಫ್ಲಾಸ್ಕು ಕಡು ಗುಲಾಬಿಯಾಯಿತು.

"ಹೆಚ್ಚಾಯ್ತು" ಎಂದಳು ಭವ್ಯಶ್ರೀ.

"ಈಗ ಇದನ್ನು ಸರಿ ಮಾಡ್ಲಿಕ್ಕೆ ಎಂಥ ಹಾಕುವುದು?"

"ಏನೂ ಹಾಕುವುದಲ್ಲ. ಚೆಲ್ಲಿ ಮೊದಲಿನಿಂದ ಮಾಡುವುದು."

ಎರಿಕನಿಗೆ ಇದನ್ನು ನಂಬಲಾಗಲಿಲ್ಲ. ಆದರೂ ಫ್ಲಾಸ್ಕನ್ನು ಸಿಂಕಿಗೆ ಚೆಲ್ಲಿದ. ಮತ್ತೆ ಮಾಡಿದ. ಈ ಸಲ ಒಂದೊಂದೇ ಹನಿ ಬಿಟ್ಟ. ಭವ್ಯಶ್ರೀಗೆ ಬಂದ ಅಳತೆಯೇ ಬಂದಾಗ ಸುತ್ತ ಯಾರಾದರೂ ನೋಡಿದರೇ ಎಂದು ತಿರುಗಿದ. ಯಾರೂ ಇರಲಿಲ್ಲ. ಮೂರನೆಯ ಸಲವೂ ಮಾಡಿದ. ಅಂಟಿಸುವ ಕೆಲಸವುಂಟು ಎಂದು ಅವಳೇ ನೆನಪಿಸಬೇಕಾಯಿತು.

ನಂತರ ಇಬ್ಬರೂ ಎದುರುಬದುರು ಕೂತರು. ಎರಿಕ್ ವಾಕ್ಯವನ್ನು ಜೋರಾಗಿ ಓದಿ, ತಾನೇ ತೀರ್ಪು ಹೇಳಿ, ಅವಳ ಮುಖ ನೋಡುತ್ತಿದ್ದ. "ತಣ್ಣಗಾದ ಮೇಲೆ ಹರಳುಗಳನ್ನು ಫಿಲ್ಟ್ರೇಷನ್ ಮಾಡಿ ಬೇರ್ಪಡಿಸಿ ತೊಳೆಯಿರಿ. ಇಲ್ಲಿ ಹರಳು ಉಂಟು, ಹಾಗಾದರೆ ಸೋಸುವುದೇ. ಸ್ಟಿಕ್ಕರ್ ಬೇಡ." ಅವಳು ಹೂಂ ಎನ್ನುತ್ತಿದ್ದಳು. ಒಂದು ಕಡೆ ಅವನು ಸಿಕ್ಕಿಹಾಕಿಕೊಂಡ. ಫಿಲ್ಟ್ರೇಷನ್ ಫ್ಲಾಸ್ಕನ್ನು ಬರಿ ಡಿಸ್ಟಿಲ್ಡ್ ನೀರಿನಿಂದ ತೊಳೆಯಬೇಕು, ದ್ರಾವಣದಿಂದ ತೊಳೆಯಬಾರದು ಎಂದಿತ್ತು. ಯಾವ ಫ್ಲಾಸ್ಕು?

"ಟೈಟ್ರೇಷನ್‌ದೇ" ಎಂದಳು ಭವ್ಯಶ್ರೀ. "ಬ್ಯುರೆಟ್, ಪಿಪೆಟ್ಟನ್ನು ಅದರದರ ದ್ರಾವಣದಿಂದಲೇ ತೊಳೀಬೇಕು, ಇಲ್ಲದಿದ್ದರೆ ಒಳಗಿನ ನೀರು ಸೇರಿ ತೆಳ್ಳಗಾಗ್ತದೆ. ಫ್ಲಾಸ್ಕಿಗೆ ನೀರು ಉಳಿದ್ರೆ ತೊಂದರೆ ಇಲ್ಲ. ಆಮ್ಲದಿಂದ ತೊಳೆದರೆ ಅಳೆದು ಹಾಕಿದ್ದಕ್ಕಿಂತ ಹೆಚ್ಚು ಆಮ್ಲ ಒಳಗೆ ಇರ್ತದೆ."

"ಇಷ್ಟೆಲ್ಲ ಒಂದು ವಾಕ್ಯದೊಳಗೆ ಉಂಟಾ!" ಎಂದ ಎರಿಕ್. ಸ್ಟಿಕ್ಕರನ್ನು ಚಿಮಟದಿಂದ ಎತ್ತಿ ನೇರವಾಗಿ ಕೂರಿಸಿದ.

ಚಹಾ ಕುಡಿಯುವಾಗ ಅವಳು ತನ್ನ ಕಥೆ ಹೇಳಿದಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಮೊದಲ ದಿನ ಲ್ಯಾಬಿನಲ್ಲಿ ಸರ್ ಟೈಟ್ರೇಷನ್ ಎಂದಾಗ ಅದೊಂದು ಕಾಯಿಲೆಯ ಹೆಸರಿರಬೇಕು ಎಂದುಕೊಂಡಿದ್ದಳಂತೆ. ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡು ಮನೆಗೆ ಹೋಗಿ ಬಾಯಿಪಾಠ ಮಾಡಿದಳಂತೆ. "ಕನ್ನಡದಲ್ಲೂ ಪದ ಉಂಟು ಅಂತ ಬಿ.ಎಡ್.ಗೆ ಹೋದ ಮೇಲೆ ಗೊತ್ತಾಯ್ತು. ಅನುಮಾಪನ."

"ಅನುಮಾಪನ" ಎಂದು ಎರಿಕ್ ಎರಡು ಸಲ ಹೇಳಿ ನೋಡಿದ. "ಮಾಪನ ಅಂದರೆ ಅಳತೆ. ಎಷ್ಟು ಸುಲಭ! ಇದು ಇದ್ದಿದ್ದರೆ ನಾನು ಕೈ ಹಾಕುತ್ತಲೇ ಇರಲಿಲ್ಲ ಟೀಚರ್."

"ಹಾಕುತ್ತಿದ್ದಿರಿ" ಎಂದಳು ಭವ್ಯಶ್ರೀ. "ಎಲ್ಲ ಕಡೆ ಅನುಮಾನ ಅಂತ ಮಾಡುತ್ತಿದ್ದಿರಿ."

ಎರಿಕ್ ಸ್ವಲ್ಪ ಯೋಚಿಸಿ, ಹೌದು ಎಂದು ಒಪ್ಪಿಕೊಂಡ.

ಮಕ್ಕಳು ರೆಕಾರ್ಡುಗಳನ್ನು ತಾವೇ ತಿದ್ದಬೇಕಾಯಿತು. ಅವರು ಗೊಣಗಿದರು. ಅಶ್ಮಿತಾಳ ಮೇಲೆ ಕೆಲವರು ಸಿಟ್ಟಾದರು, ಅವಳು ಓದದೇ ಇದ್ದಿದ್ದರೆ ಯಾರಿಗೂ ಕಷ್ಟವಿರಲಿಲ್ಲ ಎಂಬುದು ಅವರ ವಾದ. ಭವ್ಯಶ್ರೀ ಈ ಸಲ ಪ್ರತಿ ಪುಟ ಓದಿಯೇ ಸಹಿ ಹಾಕಿದಳು. ಒಬ್ಬ ಹುಡುಗ ಪ್ರಯೋಗದ ನಡುವೆ ಬಿರಿಯಾನಿ ಆರ್ಡರಿನ ವಿವರ ಬರೆದಿದ್ದನ್ನು ಆಗ ಕಂಡಳು. ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಮ್ಯಾನ್ಯುಯಲಿನ ಉಬ್ಬುತಗ್ಗಿನ ಪುಟದ ಮೇಲೆ ಬೆರಳಾಡಿಸಿ, ಇದೇನು ಎಂದು ಕೇಳಿದರು. ಪರಿಷ್ಕೃತ ಆವೃತ್ತಿ ಎಂದಳು ಭವ್ಯಶ್ರೀ. ಅವರು ಮುಂದೆ ಕೇಳಲಿಲ್ಲ. ಅಶ್ಮಿತಾಳನ್ನು ಮಾತ್ರ, ಪರ್ಮಾಂಗನೇಟನ್ನು ಫಿಲ್ಟರ್ ಪೇಪರಿನಲ್ಲಿ ಯಾಕೆ ಸೋಸಬಾರದು ಎಂದು ಕೇಳಿದರಂತೆ. ಸುಮ್ಮನೆ, ಎಲ್ಲರಿಗೂ ಕೇಳುವ ಪ್ರಶ್ನೆಗಳ ನಡುವೆ. ಅವಳು ಉತ್ತರ ಹೇಳುವುದನ್ನು ನಿಲ್ಲಿಸಲು ಅವರೇ ಸಾಕು ಎನ್ನಬೇಕಾಯಿತಂತೆ.

ಎರಿಕ್ ತಪ್ಪು ಹುಡುಕುವುದನ್ನು ಬಿಟ್ಟಿಲ್ಲ. ಆದರೆ ಈಗ ಕೇಳಿಯೇ ತಿದ್ದುತ್ತಾನೆ. ಅದು ಶಾಲೆಯವರಿಗೆ ಮೊದಲಿನದಕ್ಕಿಂತ ದೊಡ್ಡ ತಲೆನೋವಾಗಿದೆ. ಮರುವರ್ಷ ಬಯಾಲಜಿ ಮ್ಯಾನ್ಯುಯಲ್ ಅವನ ಕೈಗೆ ಬಂದಾಗ ಆ ಅಧ್ಯಾಪಕಿ ಝೈನಬಳಿಗೆ ದಿನವೂ ಫೋನ್ ಹೋಗುತ್ತಿತ್ತು. ಸ್ಟೊಮಾಟಾ ಎಂದರೆ ತರಕಾರಿಯಲ್ಲವಲ್ಲ? ಇಲ್ಲಿ ಒಂದು ಪೊಲೆನ್ ಇದೆ, ಅದು ಸ್ಟೋಲನ್, ಅಂದರೆ ಕಳವು ಮಾಲು ಅಲ್ಲವಲ್ಲ? ಪ್ರತಿ ಪದಕ್ಕೂ ಅವಳಿಂದ ಅರ್ಥ ಕೇಳಿ ತಿಳಿದುಕೊಂಡು, ಸಾಧ್ಯವಾದರೆ ವಸ್ತುವನ್ನು ತೋರಿಸಿ ಎಂದ. ಝೈನಬ ಒಂದು ಮಧ್ಯಾಹ್ನ ಅವನನ್ನು ಕರೆಸಿ, ಸ್ಟೊಮಾಟಾ ಎಂಬ ಉಸಿರಿನ ರಂಧ್ರಗಳನ್ನು ತೋರಿಸಲು ಎಲೆಯ ಸಿಪ್ಪೆ ಸುಲಿದು ಗಾಜಿನ ಮೇಲಿಟ್ಟು, ಮೈಕ್ರೊಸ್ಕೋಪಿನ ಮುಂದೆ ಕೂರಿಸಿದಳು.

ಎರಿಕ್ ಒಂದು ಕಣ್ಣು ಮುಚ್ಚಿ ನೋಡಿದ. ತುಂಬ ಹೊತ್ತು ನೋಡಿದ. ಎಲೆಯ ಮೇಲೆ ಸಣ್ಣ ಸಣ್ಣ ಬಾಯಿಗಳು ತೆರೆದುಕೊಂಡಿದ್ದವು.

"ಸರಿ" ಎಂದ, ತಲೆಯೆತ್ತದೆ. "ಇದು ಹಾಗೆಯೇ ಇರಲಿ."